ಐದೋ, ಹತ್ತೋ, ಇಪ್ಪತ್ತೋ? ರೆಪ್ ಲೆಕ್ಕಕ್ಕೆ ತೂಕ ಹೊಂದಿಸುವುದು ಹೀಗೆ

ಬಲ ಬೇಕಿದ್ದರೆ 1ರಿಂದ 5 ರೆಪ್, ಸ್ನಾಯು ದಪ್ಪವಾಗಬೇಕಿದ್ದರೆ 6ರಿಂದ 12, ದಣಿಯದೆ ಹೆಚ್ಚು ಹೊತ್ತು ದುಡಿಯುವ ಕಸುವಿಗೆ 15ಕ್ಕಿಂತ ಜಾಸ್ತಿ. ಜಿಮ್‌ಗೆ ಹೋಗುವವರಿಗೆಲ್ಲ ಬಾಯಿಪಾಠವಾಗಿರುವ ಲೆಕ್ಕ ಇದು. ತಪ್ಪೇನಲ್ಲ, ಆದರೆ ಅರ್ಧ ಮಾತು. 20 ಸಲ ಎತ್ತಬಲ್ಲ ಡಂಬೆಲನ್ನು 10 ಸಲ ಎತ್ತಿ ಕೆಳಗಿಟ್ಟರೆ ಅದು ಬರೀ ವಾರ್ಮ್‌ಅಪ್. ಸೆಟ್ ಮುಗಿದಾಗ ಕೈಯಲ್ಲಿ ಇನ್ನೆಷ್ಟು ರೆಪ್ ಉಳಿದಿತ್ತು ಎಂಬುದೇ ಮುಖ್ಯ.

ಮೊದಲು ನೀವು ಒಂದು ಸಲ ಮಾತ್ರ ಎತ್ತಬಲ್ಲ ಗರಿಷ್ಠ ತೂಕವನ್ನು ಅಂದಾಜು ಮಾಡಿ. ಒಂದೇ ಸಲ ಎತ್ತಿ ನೋಡುವ ಸಾಹಸ ಬೇಡ. ಬೆಂಚ್ ಪ್ರೆಸ್‌ನಲ್ಲಿ 50 ಕೆ.ಜಿ.ಯನ್ನು ಕಷ್ಟಪಟ್ಟು 10 ಸಲ ಎತ್ತಿದಿರಿ, ಹನ್ನೊಂದನೆಯದು ಆಗುತ್ತಿರಲಿಲ್ಲ ಎಂದಿಟ್ಟುಕೊಳ್ಳಿ. 50ನ್ನು 10ರಿಂದ ಗುಣಿಸಿ 30ರಿಂದ ಭಾಗಿಸಿದರೆ ಸುಮಾರು 17. ಅದನ್ನು 50ಕ್ಕೆ ಕೂಡಿದರೆ 67 ಕೆ.ಜಿ. ರೆಪ್ ಹತ್ತು ದಾಟಿದರೆ ಈ ಲೆಕ್ಕವನ್ನು ಅಷ್ಟಾಗಿ ನಂಬಬೇಡಿ.

ಬಲಕ್ಕೆ ಇದರ ಶೇ 85ರಷ್ಟು, ಅಂದರೆ 57 ಕೆ.ಜಿ. ಆಸುಪಾಸು, 3ರಿಂದ 5 ರೆಪ್. ಭಾರಕ್ಕೆ ನರಗಳು ಪಳಗಬೇಕಾದ ಕೆಲಸವಿದು, ಹಗುರ ತೂಕದಲ್ಲಿ ಅಷ್ಟು ಕೈಗೂಡದು. ಸೆಟ್‌ಗಳ ನಡುವೆ 3 ನಿಮಿಷವಾದರೂ ಕೂತುಕೊಳ್ಳಿ. ಉಸಿರು ಹತೋಟಿಗೆ ಬಂತೆಂದು ಬೇಗ ಎದ್ದರೆ ಮುಂದಿನ ಸೆಟ್ ಕೆಡುತ್ತದೆ. ದಣಿಯದೆ ದುಡಿಯುವ ಕಸುವಿಗೆ 35 ಕೆ.ಜಿ. ಸಾಕು, 20 ದಾಟುವವರೆಗೆ ಎತ್ತಿ, ಒಂದು ನಿಮಿಷ ಸುಧಾರಿಸಿಕೊಳ್ಳಿ.

ಸ್ನಾಯು ಬೆಳೆಯುವ ವಿಷಯದಲ್ಲಿ ಮಾತ್ರ ದೇಹ ಅಷ್ಟು ಕಟ್ಟುನಿಟ್ಟಲ್ಲ. 5 ರೆಪ್‌ನಲ್ಲೂ ಬೆಳೆಯುತ್ತದೆ, 30ರಲ್ಲೂ ಬೆಳೆಯುತ್ತದೆ, ಇನ್ನೊಂದು ಎತ್ತಲಾಗದ ಹಂತದ ಹತ್ತಿರಕ್ಕೆ ಸೆಟ್ ಹೋಗಿದ್ದರೆ. ಹಾಗಿದ್ದರೂ 6ರಿಂದ 12 ಎನ್ನುವುದೇಕೆ? 30 ರೆಪ್ ಮಾಡುವಾಗ ಸ್ನಾಯು ಸೋಲುವ ಮೊದಲೇ ಉರಿ ತಾಳಲಾರದೆ ನಾವು ಕೈಬಿಡುತ್ತೇವೆ. 5 ರೆಪ್ ಭಾರದಲ್ಲಿ ಹತ್ತಾರು ಸೆಟ್ ಮಾಡಿದರೆ ಕೀಲುಗಳು ದೂರುತ್ತವೆ. ನಡುವಿನದು ಅನುಕೂಲ, ಅಷ್ಟೇ.

ನಮ್ಮ ಉದಾಹರಣೆಯವರು 50 ಕೆ.ಜಿ.ಯಲ್ಲಿ 8 ರೆಪ್‌ನ ಮೂರು ಸೆಟ್‌ಗಳಿಂದ ಶುರು ಮಾಡಲಿ. ಎರಡು ರೆಪ್ ಕೈಯಲ್ಲಿ ಉಳಿದಿರುವಾಗಲೇ ನಿಲ್ಲಿಸಿ, ವಾರದಿಂದ ವಾರಕ್ಕೆ ರೆಪ್ ಏರಿಸುತ್ತ ಹೋಗಲಿ. ಮೂರೂ ಸೆಟ್‌ನಲ್ಲಿ 12 ಬಂದ ದಿನ 2.5 ಕೆ.ಜಿ. ಏರಿಸಿ ಮತ್ತೆ 8ಕ್ಕೆ ಇಳಿಯಬೇಕು.

ಎರಡು ಉಳಿದಿದೆ ಎಂದು ತಿಳಿಯುವುದು ಹೇಗೆ? ವೇಗ ನೋಡಿ. ಜೋರಾಗಿ ತಳ್ಳುತ್ತಿದ್ದರೂ ಬಾರ್ ತಾನಾಗಿ ನಿಧಾನವಾಗತೊಡಗಿದರೆ ಕೊನೆ ಹತ್ತಿರವಿದೆ. ಹತ್ತನೆಯ ರೆಪ್ಪೂ ಮೊದಲನೆಯಷ್ಟೇ ಸರಾಗವಾಗಿ ಹೋದರೆ ತೂಕ ಕಡಿಮೆಯಾಯಿತು. ಹೊಸಬರ ಅಂದಾಜು ಸಾಮಾನ್ಯವಾಗಿ ತಪ್ಪುತ್ತದೆ. ಎರಡೇ ಉಳಿದಿದೆ ಎಂದವರು ಇನ್ನೂ ಐದಾರು ಎತ್ತಿಬಿಡುತ್ತಾರೆ. ಅದಕ್ಕೇ ಒಮ್ಮೊಮ್ಮೆ ಕೊನೆಯ ಸೆಟ್‌ನಲ್ಲಿ ಪೂರ್ತಿ ಕೈಸೋಲುವವರೆಗೆ ಎತ್ತಿ ಎಣಿಸಿ. ಆದರೆ ಎದೆಯ ಮೇಲೆ ಬಾರ್ ಇಟ್ಟುಕೊಂಡಲ್ಲ, ಮೆಷಿನ್‌ನಲ್ಲಿ.