ಹನ್ನೆರಡು ತಿಂಗಳ ‘ಯಶಸ್ವಿ’ ವರದಿಗಳು ಮತ್ತು ತೆರೆಯದ ಒಂದು ಬ್ಯಾಕಪ್

ಮಂಡ್ಯದಲ್ಲಿ ಕೇಂದ್ರ ಕಚೇರಿ ಹೊಂದಿರುವ ಒಂದು ಪತ್ತಿನ ಸಹಕಾರಿಯ ಆಂತರಿಕ ಲೆಕ್ಕಪರಿಶೋಧನೆಯನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಮುಖ್ಯ ಸರ್ವರ್ ಮಂಡ್ಯದ ಕಚೇರಿಯಲ್ಲಿದೆ. ಅದು ಕೈಕೊಟ್ಟರೆ ಕೆಲಸ ಮುಂದುವರಿಸಲು ಮೈಸೂರಿನಲ್ಲಿ ಬಾಡಿಗೆಗೆ ಪಡೆದ ಕೊಠಡಿಯೊಂದರಲ್ಲಿ ಎರಡನೆಯ ಸರ್ವರ್ ಇದೆ. ವ್ಯವಹಾರ ನಿರಂತರತೆ ಯೋಜನೆಯ ಪ್ರಕಾರ ಏನೇ ಆದರೂ ನಾಲ್ಕು ಗಂಟೆಯೊಳಗೆ ಮೈಸೂರಿನಿಂದ ಕೆಲಸ ಆರಂಭವಾಗಬೇಕು, ಮತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚಿನ ನಮೂದುಗಳು ಕಳೆದುಹೋಗಬಾರದು. ಮೊದಲನೆಯದನ್ನು ಆರ್‌ಟಿಒ ಎಂದೂ ಎರಡನೆಯದನ್ನು ಆರ್‌ಪಿಒ ಎಂದೂ ಕರೆಯುತ್ತಾರೆ. ಯೋಜನೆಯ ದೂರವಾಣಿ ಪಟ್ಟಿಯಲ್ಲಿ ನಿವೃತ್ತರಾದ ವ್ಯವಸ್ಥಾಪಕರೊಬ್ಬರ ಸಂಖ್ಯೆ ಇನ್ನೂ ಇತ್ತು. ಅಂಥವು ಎಲ್ಲ ಕಡೆಯೂ ಸಿಗುತ್ತವೆ, ಅವನ್ನು ಬರೆದುಕೊಂಡು ಮುಂದೆ ಹೋದೆ. ಆ ವರ್ಷ ನಾನು ಸಮಯ ಕೊಟ್ಟದ್ದು ಬ್ಯಾಕಪ್ ನಿಜವಾಗಿ ಮರಳಿ ಬರುತ್ತದೆಯೇ ಎಂಬ ಒಂದೇ ಪ್ರಶ್ನೆಗೆ.

ಪುರಾವೆ ಕೇಳಿದಾಗ ಐಟಿ ಅಧಿಕಾರಿ ಒಂದು ಫೈಲ್ ತಂದಿಟ್ಟರು. ಹನ್ನೆರಡು ತಿಂಗಳಿಗೆ ಹನ್ನೆರಡು ಹಾಳೆ. ಪ್ರತಿಯೊಂದರಲ್ಲೂ ‘ರಿಸ್ಟೋರ್ ಪರೀಕ್ಷೆ ಯಶಸ್ವಿ’ ಎಂಬ ಷರಾ, ಕೆಳಗೆ ಎರಡು ಸಹಿ. “ಪ್ರತಿ ತಿಂಗಳೂ ಓಕೆ ಬಂದೈತೆ ಸಾರ್, ಒಂದೂ ಫೇಲ್ ಆಗಿಲ್ಲ” ಎಂದರು. ಆ ಹಾಳೆಗಳು ಸುಳ್ಳಾಗಿರಲಿಲ್ಲ. ಆದರೆ ಅವು ಯಾವ ಆದೇಶದ ಫಲಿತಾಂಶ ಎಂದು ಕೇಳಿದಾಗ ಅವರು ತೋರಿಸಿದ್ದು ಇದನ್ನು:

```
RESTORE VERIFYONLY
FROM DISK = 'D:\Backup\core_full.bak' WITH CHECKSUM;
```

ಈ ಆದೇಶದ ಹೆಸರಿನಲ್ಲಿ ರಿಸ್ಟೋರ್ ಎಂಬ ಪದವಿದ್ದರೂ ಅದು ಏನನ್ನೂ ರಿಸ್ಟೋರ್ ಮಾಡುವುದಿಲ್ಲ. ಬ್ಯಾಕಪ್ ಫೈಲ್ ಪೂರ್ತಿಯಾಗಿದೆಯೇ, ಓದಲು ಬರುತ್ತದೆಯೇ, ಚೆಕ್‌ಸಮ್ ಸರಿಯಿದೆಯೇ ಎಂದಷ್ಟೇ ನೋಡುತ್ತದೆ. ಒಳಗಿರುವ ದತ್ತಾಂಶದ ರಚನೆ ಸರಿಯಿದೆಯೇ ಎಂಬುದನ್ನು ಪರೀಕ್ಷಿಸುವುದಿಲ್ಲ. ಇನ್ನೂ ಮುಖ್ಯವಾಗಿ, ಬ್ಯಾಕಪ್ ತೆಗೆದ ಅದೇ ಮಂಡ್ಯದ ಸರ್ವರ್‌ನಲ್ಲಿಯೇ ಅದನ್ನು ನಡೆಸಿದ್ದರು. ಮೈಸೂರಿನ ಸರ್ವರ್‌ನಲ್ಲಿ ಏನಾಗಿದೆ ಎಂದು ತಿಳಿಯಲು ನಾನು ಸಹಿಯ ಹಾಳೆಯನ್ನು ಬದಿಗಿಟ್ಟು ಈ ಪ್ರಶ್ನೆಯನ್ನು ನನ್ನೆದುರಿಗೇ ನಡೆಸಲು ಹೇಳಿದೆ:

```
SELECT restore_date, destination_database_name,
       user_name, restore_type
FROM msdb.dbo.restorehistory
ORDER BY restore_date DESC;
```

ರಿಸ್ಟೋರ್ ನಡೆದಾಗಲೆಲ್ಲ ಎಸ್‌ಕ್ಯೂಎಲ್ ಸರ್ವರ್ ತಾನೇ ಬರೆದಿಡುವ ದಾಖಲೆ ಅದು. ನಮ್ಮ ಮುಖ್ಯ ಡೇಟಾಬೇಸ್‌ನ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ. ಹಳೆಯ ಇತಿಹಾಸವನ್ನು ಅಳಿಸಲು ಸಾಧ್ಯವಿರುವುದರಿಂದ ಸಾಲು ಇಲ್ಲದಿರುವುದೇ ‘ಮಾಡಿಲ್ಲ’ ಎಂಬುದಕ್ಕೆ ಸಾಕ್ಷಿಯಾಗದು. ಆದ್ದರಿಂದ ವಾದಕ್ಕೆ ಇಳಿಯದೆ, ನನ್ನ ಎದುರಿಗೆ ಒಮ್ಮೆ ಮಾಡಿ ತೋರಿಸಿ ಎಂದೆ. ದಿನವನ್ನು ಮಾತ್ರ ನಾನೇ ಆರಿಸಿದೆ: ಹಿಂದಿನ ವಾರದ ಶುಕ್ರವಾರ, ಕಬ್ಬಿನ ಬಿಲ್ಲಿನ ಹಣ ರೈತರ ಖಾತೆಗಳಿಗೆ ಜಮೆಯಾಗಿ ಕೌಂಟರ್‌ಗಳ ಮುಂದೆ ಸಾಲು ನಿಂತಿದ್ದ ದಿನ. ಮಧ್ಯಾಹ್ನ ಹನ್ನೆರಡು ಗಂಟೆಗೆ ಮಂಡ್ಯದ ಕಟ್ಟಡವೇ ಇಲ್ಲವಾಯಿತು ಎಂದು ಭಾವಿಸಿ, ಮೈಸೂರಿನಲ್ಲಿ ಆ ಹೊತ್ತಿಗೆ ಇದ್ದ ಫೈಲ್‌ಗಳಿಂದಷ್ಟೇ ಕೆಲಸ ಮಾಡಬೇಕು ಎಂಬುದು ಷರತ್ತು.

ಮೊದಲ ಆದೇಶಕ್ಕೇ ಈ ಉತ್ತರ ಬಂತು:

```
Msg 33111: Cannot find server certificate with thumbprint ...
```

ಡೇಟಾಬೇಸನ್ನು ಎರಡು ವರ್ಷದ ಹಿಂದೆ ಎನ್‌ಕ್ರಿಪ್ಟ್ ಮಾಡಿದ್ದರು. ಹಾಗೆ ಮಾಡಿದಾಗ ಅದರ ಬ್ಯಾಕಪ್ ಕೂಡ ಬೀಗ ಹಾಕಿದ ಪೆಟ್ಟಿಗೆಯಾಗುತ್ತದೆ, ಮತ್ತು ಕೀಲಿಯಾದ ಸರ್ಟಿಫಿಕೇಟ್ ಆ ಸರ್ವರ್‌ನ `master` ಡೇಟಾಬೇಸ್‌ನಲ್ಲಿರುತ್ತದೆ. ಮಂಡ್ಯದ ಸರ್ವರ್‌ನಲ್ಲಿ ಪರೀಕ್ಷೆ ಪ್ರತಿ ತಿಂಗಳೂ ಗೆದ್ದದ್ದು ಕೀಲಿ ಅಲ್ಲಿಯೇ ಇದ್ದುದರಿಂದ. ಕೀಲಿಯ ಪ್ರತಿ ಬೇರೆಲ್ಲಾದರೂ ಇದೆಯೇ ಎಂದು ನೋಡಲು `sys.certificates` ಕೋಷ್ಟಕದ `pvt_key_last_backup_date` ಎಂಬ ಕಾಲಂ ಸಾಕು. ಅದರಲ್ಲಿ `NULL` ಎಂದಿತ್ತು, ಅಂದರೆ ಖಾಸಗಿ ಕೀಲಿಯನ್ನು ಒಮ್ಮೆಯೂ ಹೊರಗೆ ತೆಗೆದಿಟ್ಟಿರಲಿಲ್ಲ. ಮಂಡ್ಯದ ಸರ್ವರ್ ನಿಜವಾಗಿ ಸುಟ್ಟುಹೋಗಿದ್ದರೆ ಮೈಸೂರಿನಲ್ಲಿದ್ದ ಎಲ್ಲ ಬ್ಯಾಕಪ್‌ಗಳೂ ಇದ್ದೂ ಇಲ್ಲದಂತೆ ಆಗುತ್ತಿದ್ದವು. ಐಟಿ ಅಧಿಕಾರಿ ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಾ ಕುಳಿತರು. ಆ ದಿನದ ಪರೀಕ್ಷೆಯನ್ನು ‘ವಿಫಲ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದೆವು.

ಮರುದಿನ ಸರ್ಟಿಫಿಕೇಟನ್ನು ಮಂಡ್ಯದಿಂದ ತೆಗೆದು ಮೈಸೂರಿನಲ್ಲಿ ಅಳವಡಿಸಿ ಮತ್ತೆ ಆರಂಭಿಸಿದೆವು. ವ್ಯವಸ್ಥೆ ಹೀಗಿತ್ತು: ಭಾನುವಾರ ರಾತ್ರಿ ಪೂರ್ಣ ಬ್ಯಾಕಪ್, ಉಳಿದ ದಿನ ರಾತ್ರಿ ಹತ್ತಕ್ಕೆ ಡಿಫರೆನ್ಷಿಯಲ್, ಹದಿನೈದು ನಿಮಿಷಕ್ಕೊಮ್ಮೆ ಆ ಅವಧಿಯ ಬದಲಾವಣೆಗಳ ದಾಖಲೆಯಾದ ಲಾಗ್. ಪೂರ್ಣ ಬ್ಯಾಕಪ್ 1 ಗಂಟೆ 40 ನಿಮಿಷದಲ್ಲಿ ಬಂತು. ಗುರುವಾರ ರಾತ್ರಿಯ ಡಿಫರೆನ್ಷಿಯಲ್ ಹಾಕಲು ಹೋದಾಗ 3136 ಎಂಬ ದೋಷ ಬಂತು, ಬುಧವಾರದ್ದಕ್ಕೂ ಅದೇ. ಡಿಫರೆನ್ಷಿಯಲ್ ಎಂಬುದು ತನಗಿಂತ ಹಿಂದಿನ ಪೂರ್ಣ ಬ್ಯಾಕಪ್‌ನಿಂದೀಚೆಗೆ ಬದಲಾದದ್ದನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಮಂಡ್ಯದ `msdb.dbo.backupset` ಕೋಷ್ಟಕ ನೋಡಿದರೆ ಬುಧವಾರ ಮಧ್ಯಾಹ್ನ ಇನ್ನೊಂದು ಪೂರ್ಣ ಬ್ಯಾಕಪ್ ನಡೆದಿತ್ತು. ಸಾಫ್ಟ್‌ವೇರ್ ಪೂರೈಕೆದಾರರ ತಂತ್ರಜ್ಞರು ಹೊಸ ಆವೃತ್ತಿ ಹಾಕುವ ಮುನ್ನ ಮುನ್ನೆಚ್ಚರಿಕೆಯಾಗಿ ಅದನ್ನು ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಅಳಿಸಿದ್ದರು. `COPY_ONLY` ಎಂಬ ಆಯ್ಕೆಯನ್ನು ಸೇರಿಸಿದ್ದರೆ ಏನೂ ಆಗುತ್ತಿರಲಿಲ್ಲ. ಸೇರಿಸದ ಕಾರಣ ಮುಂದಿನ ಡಿಫರೆನ್ಷಿಯಲ್‌ಗಳೆಲ್ಲ ಆ ಅಳಿದುಹೋದ ಫೈಲನ್ನೇ ಆಧಾರವಾಗಿಟ್ಟುಕೊಂಡಿದ್ದವು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವಾದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ, ಮತ್ತು ರಾತ್ರಿಯ ಕೆಲಸ ಪ್ರತಿದಿನ ‘ಸಕ್ಸಸ್’ ಎಂದೇ ತೋರಿಸುತ್ತಿತ್ತು.

ಪುಣ್ಯಕ್ಕೆ ಇಂಥ ಪೂರ್ಣ ಬ್ಯಾಕಪ್‌ನಿಂದ ಲಾಗ್‌ಗಳ ಸರಪಳಿ ಕಡಿಯುವುದಿಲ್ಲ, ಮತ್ತು ಹದಿನಾಲ್ಕು ದಿನದ ಲಾಗ್‌ಗಳನ್ನು ಉಳಿಸಿಕೊಂಡಿದ್ದರು. ಮಂಗಳವಾರ ರಾತ್ರಿಯ ಡಿಫರೆನ್ಷಿಯಲ್ ಹಾಕಿ, ಅಲ್ಲಿಂದ ಒಂದಾದ ಮೇಲೊಂದರಂತೆ 245 ಲಾಗ್ ಫೈಲ್‌ಗಳನ್ನು ಹಾಕಿದೆವು. ಒಟ್ಟು 3 ಗಂಟೆ 35 ನಿಮಿಷ; ಅದಾದ ಮೇಲೆ ದತ್ತಾಂಶದ ರಚನೆಯನ್ನು ಪರೀಕ್ಷಿಸುವ `DBCC CHECKDB` ನಡೆಸಲು ಇನ್ನೂ 1 ಗಂಟೆ 5 ನಿಮಿಷ. ಈ ಕೊನೆಯ ಪರೀಕ್ಷೆಯ ಸಮಯವನ್ನು ಆರ್‌ಟಿಒಗೆ ಸೇರಿಸಬಾರದೆಂದು ಐಟಿ ವಿಭಾಗ ವಾದಿಸಿತು. ದತ್ತಾಂಶ ಸರಿಯಿದೆಯೆಂದು ತಿಳಿಯದೆ ಕೌಂಟರ್ ತೆರೆಯುವ ಧೈರ್ಯ ಯಾರಿಗಿದೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ವರದಿಯಲ್ಲಿ ಎರಡೂ ಅಂಕಿಗಳನ್ನು ಬೇರೆಬೇರೆಯಾಗಿ ಕೊಟ್ಟು ತೀರ್ಮಾನವನ್ನು ಆಡಳಿತ ಮಂಡಳಿಗೆ ಬಿಟ್ಟೆ.

ಡೇಟಾಬೇಸ್ ತೆರೆದುಕೊಂಡಿತು ಎಂಬುದಷ್ಟರಿಂದ ಲೆಕ್ಕಪರಿಶೋಧಕನ ಕೆಲಸ ಮುಗಿಯುವುದಿಲ್ಲ. ಗುರುವಾರದ ದಿನಾಂತ್ಯದ ಟ್ರಯಲ್ ಬ್ಯಾಲೆನ್ಸನ್ನು ಮೈಸೂರಿನ ಪ್ರತಿಯಿಂದ ತೆಗೆಸಿ, ಅಂದು ವ್ಯವಸ್ಥಾಪಕರು ಸಹಿ ಮಾಡಿದ್ದ ಮುದ್ರಿತ ಪ್ರತಿಯೊಂದಿಗೆ ಹೋಲಿಸಿದೆ, ಪೈಸೆಯವರೆಗೂ ಸರಿಹೊಂದಿತು. ಬಳಿಕ ಶುಕ್ರವಾರ ಬೆಳಗಿನ ಐದು ವೋಚರ್‌ಗಳನ್ನು ಕಟ್ಟಿನಿಂದ ನಾನೇ ಎಳೆದು ಹುಡುಕಿದೆ. ನಾಲ್ಕು ಸಿಕ್ಕವು. ಐದನೆಯದು 11 ಗಂಟೆ 32 ನಿಮಿಷದ ನಗದು ಪಾವತಿ, ಅದು ಇರಲಿಲ್ಲ. ಮೈಸೂರಿನ ಪ್ರತಿಯಲ್ಲಿ ಕೊನೆಯ ನಮೂದು 11 ಗಂಟೆ 14 ನಿಮಿಷದ್ದಾಗಿತ್ತು.

ಲಾಗ್ ಹದಿನೈದು ನಿಮಿಷಕ್ಕೊಮ್ಮೆ ತಯಾರಾಗುತ್ತಿದ್ದರೂ ಅದನ್ನು ಮೈಸೂರಿಗೆ ಕಳಿಸುವ ಕೆಲಸ ಗಂಟೆಗೊಮ್ಮೆ, ಪ್ರತಿ ಗಂಟೆಯ 30ನೇ ನಿಮಿಷಕ್ಕೆ ಮಾತ್ರ ನಡೆಯುತ್ತಿತ್ತು. 11.30ರ ಲಾಗ್ ಇನ್ನೂ ತಯಾರಾಗುತ್ತಿದ್ದುದರಿಂದ 11.15ರವರೆಗಿನದ್ದಷ್ಟೇ ಹೋಗಿತ್ತು. ಹನ್ನೆರಡು ಗಂಟೆಗೆ ಕಟ್ಟಡ ಹೋದರೆ 45 ನಿಮಿಷ ನಷ್ಟ, 12.29ಕ್ಕೆ ಹೋದರೆ 74 ನಿಮಿಷ. ಯೋಜನೆಯಲ್ಲಿದ್ದ ಹದಿನೈದು ನಿಮಿಷ ಕಾಗದದ ಮೇಲಷ್ಟೇ ಉಳಿಯಿತು. ಆ 45 ನಿಮಿಷಗಳಲ್ಲಿ ಮಂಡ್ಯದಲ್ಲಿ 83 ನಮೂದುಗಳಾಗಿದ್ದವು. ವೋಚರ್ ನೋಡಿ ಮತ್ತೆ ಹಾಕಬಹುದು ಎಂದು ಲೆಕ್ಕ ವಿಭಾಗದವರು ಹೇಳಿದರು. ಆದರೆ ಆ ವೋಚರ್‌ಗಳಿರುವುದು ಇಲ್ಲವಾಯಿತೆಂದು ನಾವು ಭಾವಿಸಿದ ಅದೇ ಕಟ್ಟಡದಲ್ಲಿ.

ವರದಿಯ ಜೊತೆ ದೋಷ ಸಂದೇಶಗಳ ಪರದೆಚಿತ್ರ, ಪ್ರತಿ ಹಂತದ ಆರಂಭ ಮತ್ತು ಮುಕ್ತಾಯದ ವೇಳೆ, `restorehistory`ಯ ಹೊಸ ಸಾಲುಗಳು ಮತ್ತು ಎರಡು ಟ್ರಯಲ್ ಬ್ಯಾಲೆನ್ಸ್‌ಗಳನ್ನು ಲಗತ್ತಿಸಿದೆ. ಮೂರು ತಿಂಗಳ ನಂತರ ಮತ್ತೆ ಹೋದಾಗ ಸರ್ಟಿಫಿಕೇಟ್‌ನ ಪ್ರತಿಯಿದ್ದ ಪೆನ್‌ಡ್ರೈವ್ ಒಂದು ಶಾಖೆಯ ತಿಜೋರಿಯಲ್ಲಿಯೂ ಅದರ ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿ ಇನ್ನೊಂದು ಶಾಖೆಯಲ್ಲಿಯೂ ಇದ್ದವು. ಲಕೋಟೆ ಒಡೆಸಿ, ಅದರಿಂದಲೇ ಪರೀಕ್ಷೆ ಮಾಡಿಸಿ, ಹೊಸ ಲಕೋಟೆಗೆ ಮೊಹರು ಹಾಕಿಸಿದೆ. ಈ ಸಲ ಗುರುವಾರದ ಡಿಫರೆನ್ಷಿಯಲ್ ಮೊದಲ ಯತ್ನದಲ್ಲೇ ಕೂತಿತು. ಲಾಗ್‌ಗಳನ್ನು ಈಗ ತಯಾರಾದ ಐದು ನಿಮಿಷಕ್ಕೆ ಕಳಿಸುತ್ತಾರೆ, ಆದ್ದರಿಂದ ಹೆಚ್ಚೆಂದರೆ 20 ನಿಮಿಷದ ನಮೂದುಗಳು ಹೋಗಬಹುದು. ಯೋಜನೆಯಲ್ಲಿ ಮಾತ್ರ ಇನ್ನೂ ಹದಿನೈದು ಎಂದೇ ಇತ್ತು. ಅದನ್ನು ಇಪ್ಪತ್ತು ಎಂದು ತಿದ್ದಿ ಆಡಳಿತ ಮಂಡಳಿಯ ಒಪ್ಪಿಗೆ ಪಡೆಯುವವರೆಗೆ ಆ ಆಕ್ಷೇಪಣೆಯನ್ನು ನಾನು ಮುಚ್ಚಲಿಲ್ಲ.