ಹೊತ್ತು ಬರೆಯದ ಬೋರ್ಡಿಗೆ ಕೆಲಸದವರು ಸಿಕ್ಕರು: ನನ್ನ ಅನುಭವ

ನಮ್ಮದು ಪರ್ಕಳದ ಹತ್ತಿರ ಒಂದು ಸಣ್ಣ ಜೀನಸು ಅಂಗಡಿ. ಕೆಲಸಕ್ಕೆ ಜನ ಸಿಗುವುದಿಲ್ಲ ಎಂದು ಉಡುಪಿ ಕಡೆ ಅಂಗಡಿ ಇಟ್ಟವರೆಲ್ಲ ಹೇಳುತ್ತಾರೆ. ನನ್ನ ಹತ್ತಿರ ಈಗ ಮೂರು ಜನ ಇದ್ದಾರೆ, ಮೂವರಿಗೂ ವರ್ಷ ದಾಟಿತು. ಬೋರ್ಡಿನಲ್ಲಿ ಕೆಲಸ ಏನು, ಸಂಬಳ ಎಷ್ಟರಿಂದ ಎಷ್ಟು ಎಂದು ಪೂರ್ತಿ ಬರೆದೆ. ಹೊತ್ತು ಮಾತ್ರ ಬರೆಯಲಿಲ್ಲ. "ಟೈಮ್ ಹಾಕದಿದ್ರೆ ಯಾರು ಬರ್ತಾರೆ ಮಾರಾಯ್ರೆ?" ಎಂದು ಪಕ್ಕದ ಅಂಗಡಿಯವರು ಕೇಳಿದ್ದರು. ಕಳೆದ ತಿಂಗಳು ಅವರೇ ಬಂದು ನನ್ನ ಬೋರ್ಡಿನ ಫೋಟೋ ತೆಗೆದುಕೊಂಡು ಹೋದರು.

ಮೊದಲು ನಾವೆಲ್ಲ ಹಾಕುವ ಬೋರ್ಡೇ ನಮ್ಮಲ್ಲೂ ಇತ್ತು. "ಕೆಲಸಕ್ಕೆ ಜನ ಬೇಕಾಗಿದ್ದಾರೆ", ಕೆಳಗೆ ಫೋನ್ ನಂಬರ್, ಅಷ್ಟೇ. ಫೋನ್ ಬರುತ್ತಿತ್ತು, ಸಂಬಳ ಕೇಳಿ ಇಡುತ್ತಿದ್ದರು. ಬಂದವರಲ್ಲಿ ಕೆಲವರು ಅಕ್ಕಿ ಲೋಡು ಬಂದ ದಿನವೇ ಹೋದರು. ಚೀಲ ಎತ್ತಲಿಕ್ಕಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಬ್ಬ ಹುಡುಗ ಐದು ಸಾವಿರ ಅಡ್ವಾನ್ಸ್ ತೆಗೆದುಕೊಂಡು ಚೌತಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಪೇಪರಿನಲ್ಲಿ ಜಾಹೀರಾತು ಹಾಕಿದೆ. ಜನ ಕೊಡಿಸುವ ಒಬ್ಬರಿಗೆ ಅರ್ಧ ತಿಂಗಳ ಸಂಬಳದಷ್ಟು ಕಮಿಷನ್ ಕೊಟ್ಟೆ. ಎಲ್ಲಾ ಸೇರಿ ಆ ವರ್ಷ ಇಪ್ಪತ್ತು ಸಾವಿರದ ಹತ್ತಿರ ಹೋಗಿರಬೇಕು.

ಆಮೇಲೆ ಬಿಲ್ಲಿಂಗ್ ಮೆಷಿನ್ ತೆಗೆದು ಕೂತೆ. ಗಂಟೆಗೆ ಎಷ್ಟು ಬಿಲ್ ಆಗಿದೆ ಎಂದು ಅದರಲ್ಲಿ ಸಿಗುತ್ತದೆ, ನಿಮ್ಮದರಲ್ಲೂ ಇದ್ದೀತು, ನೋಡಿ. ನಮ್ಮಲ್ಲಿ ಬೆಳಗ್ಗೆ ಏಳರಿಂದ ಒಂಬತ್ತೂವರೆ ಒಂದು ರಶ್, ಸಂಜೆ ಐದರಿಂದ ಎಂಟೂವರೆ ಇನ್ನೊಂದು. ಮಧ್ಯೆ ಸಾಮಾನು ತೂಗಿ ಕಟ್ಟಿಡುವ ಕೆಲಸ ಇರುತ್ತದೆ, ಎರಡೂವರೆ ಮೇಲೆ ಅದೂ ಇಲ್ಲ. ನಾನು ಇಬ್ಬರನ್ನು ಇಡೀ ದಿನಕ್ಕೆ ಹುಡುಕುತ್ತಿದ್ದೆ. ಸಿಕ್ಕಿದ್ದರೂ ಮಧ್ಯಾಹ್ನ ಇಬ್ಬರೂ ಸುಮ್ನೆ ಕೂರಬೇಕಿತ್ತು. ಇಡೀ ದಿನ ಬಿಡುವಿರುವವರು ನಮ್ಮೂರಲ್ಲಿ ಕಡಿಮೆ. ಮೂರು ನಾಲ್ಕು ಗಂಟೆ ಬಿಡುವಿರುವವರು ಮನೆಮನೆಯಲ್ಲಿ ಇದ್ದಾರೆ. ಆದರೆ ಆ ಬಿಡುವು ಮಗುವಿನ ಶಾಲೆ, ಬಸ್ಸು, ಬೀಡಿ ಕೊಡುವ ದಿನ, ಇಂಥದ್ದಕ್ಕೆಲ್ಲ ಕಟ್ಟಿಕೊಂಡಿರುತ್ತದೆ. ನಾವು "ಬೆಳಗ್ಗೆ 8ರಿಂದ ರಾತ್ರಿ 8" ಎಂದು ಬರೆದರೆ ಅವರು ಮುಂದಿನ ಸಾಲನ್ನೇ ಓದುವುದಿಲ್ಲ.

ಬೋರ್ಡಿನಲ್ಲಿ ಬರೆದದ್ದು ಹೆಚ್ಚುಕಡಿಮೆ ಹೀಗೆ:

"ಜೀನಸು ಅಂಗಡಿಗೆ ಸಹಾಯಕರು ಬೇಕು. 18 ದಾಟಿದ ಗಂಡಸರು, ಹೆಂಗಸರು ಯಾರೂ ಆಗಬಹುದು.
ಕೆಲಸ: ಸಾಮಾನು ತೂಗಿ ಕಟ್ಟುವುದು, ಬಿಲ್ ಮಾಡುವುದು, ಬಾಕಿ ಪುಸ್ತಕ ಬರೆಯುವುದು, ಶೆಲ್ಫ್ ಒರೆಸಿ ತಾರೀಕು ನೋಡುವುದು.
ಅಕ್ಕಿ ಲೋಡು ವಾರಕ್ಕೊಮ್ಮೆ. 26 ಕೆಜಿ ಚೀಲ ಎತ್ತುವವರಿಗೆ ಆ ದಿನ ಬೇರೆ ಹಣ. ಎತ್ತಲಾಗದವರೂ ಬರಬಹುದು.
ಮನೆಗೆ ಸಾಮಾನು ಮುಟ್ಟಿಸುವ ಕೆಲಸ ಇಲ್ಲ.
ಸಂಬಳ: ಗಂಟೆಗೆ 75ರಿಂದ 90 ರೂಪಾಯಿ. ವಾರಕ್ಕೊಂದು ರಜೆ.
ನಿಮಗೆ ಯಾವ ಹೊತ್ತು ಆಗುತ್ತದೆ? ಬಂದು ಹೇಳಿ."

26 ಕೆಜಿ ಎಂದು ಯಾಕೆ ಬರೆದೆ ಎಂದು ಅಂಗಡಿಯವರಿಗೆ ಹೇಳಬೇಕಿಲ್ಲ. 2022ರ ಜುಲೈಯಲ್ಲಿ 25 ಕೆಜಿವರೆಗಿನ ಪ್ಯಾಕ್ ಅಕ್ಕಿಗೆ ಜಿಎಸ್‌ಟಿ ಬಂದ ಮೇಲೆ ನಮಗೆ ಬರುವ ಚೀಲವೇ ಅಷ್ಟು. ಭಾರದ ಕೆಲಸ ಎಂದು ಸುಮ್ನೆ ಬರೆದರೆ ಎಲ್ಲರೂ ಹೆದರುತ್ತಾರೆ. ಕೆಜಿ ಬರೆದರೆ ಆಗುವುದೋ ಇಲ್ಲವೋ ಎಂದು ಅವರೇ ಲೆಕ್ಕ ಹಾಕುತ್ತಾರೆ. ಇಲ್ಲದ ಕೆಲಸವನ್ನೂ ಬರೆದದ್ದು ಒಳ್ಳೆಯದಾಯಿತು. ಸ್ಕೂಟರ್ ಇಲ್ಲ ಎಂದು ಹಿಂಜರಿಯುತ್ತಿದ್ದವರು ಆ ಸಾಲು ನೋಡಿ ಒಳಗೆ ಬಂದರು.

ಸಂಬಳದ ಸಾಲಿಗೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಹೊತ್ತು ಬರೆಯದೆ "ತಿಂಗಳಿಗೆ 12ರಿಂದ 18 ಸಾವಿರ" ಎಂದರೆ ಬಂದವರು 18 ಎಂದು ಕೇಳಿಸಿಕೊಳ್ಳುತ್ತಾರೆ, ನಮ್ಮ ಮನಸ್ಸಿನಲ್ಲಿ 12 ಇರುತ್ತದೆ. ಮೊದಲ ತಿಂಗಳೇ ಜಗಳ. ಹೊತ್ತು ಖಾಲಿ ಬಿಡುವುದಾದರೆ ಸಂಬಳ ಗಂಟೆ ಲೆಕ್ಕದಲ್ಲೇ ಇರಬೇಕು. ಕೆಳಗಿನ ದರ ಯಾರಿಗೆ, ಮೇಲಿನದು ಯಾರಿಗೆ ಎಂದೂ ಮೊದಲೇ ಗೊತ್ತಾಗಬೇಕು. ನಮ್ಮಲ್ಲಿ ತೂಗಿ ಕಟ್ಟುವವರಿಗೆ 75, ಬಿಲ್ ಕಲಿತರೆ 80, ಬಾಕಿ ಪುಸ್ತಕವೂ ಆದರೆ 85. ನಾನಿಲ್ಲದಾಗ ಗಲ್ಲಾ ನೋಡಿಕೊಂಡು ಅಂಗಡಿ ನಡೆಸಿದರೆ 90. ದಿನಕ್ಕೆ 8 ಗಂಟೆಯಂತೆ 26 ದಿನಕ್ಕೆ ಗುಣಿಸಿದರೆ 75ರ ಲೆಕ್ಕಕ್ಕೆ 15,600 ಆಗುತ್ತದೆ. ಈ ಮೊತ್ತವನ್ನು ಸರ್ಕಾರದ ಕನಿಷ್ಠ ವೇತನದ ಜೊತೆ ಹೋಲಿಸಿ ನೋಡಿಕೊಳ್ಳಿ. ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಹಳೇ ದರ ಇಟ್ಟುಕೊಳ್ಳಬೇಡಿ.

ಮೊದಲು ಬಂದವರು ಒಬ್ಬ ಅಕ್ಕ. ಮಗುವನ್ನು ಶಾಲೆಗೆ ಬಿಟ್ಟು ಒಂಬತ್ತೂವರೆಗೆ ಬರುತ್ತೇನೆ, ಎರಡೂವರೆಗೆ ಹೋಗಬೇಕು ಎಂದರು. ಸಂಜೆಗೆ ಒಬ್ಬ ಕಾಲೇಜು ಹುಡುಗ ಸಿಕ್ಕಿದ. ಬೆಳಗ್ಗಿನ ಏಳು ಗಂಟೆ ಮಾತ್ರ ಬಹಳ ದಿನ ಖಾಲಿ ಇತ್ತು. ಕೊನೆಗೆ ಮುಂಬೈ ಹೋಟೆಲಿನಲ್ಲಿ ದುಡಿದು ಊರಿಗೆ ಬಂದ ಹಿರಿಯರೊಬ್ಬರು "ನಾನು ಹೇಗೂ ನಾಲ್ಕೂವರೆಗೆ ಏಳ್ತೇನೆ" ಎಂದು ಬಂದರು. ಅವರ ಕೈಯಷ್ಟು ಚುರುಕು ನನ್ನದೂ ಇಲ್ಲ. ಮೂವರದ್ದೂ ಸೇರಿ ದಿನಕ್ಕೆ 11 ಗಂಟೆ, ತಿಂಗಳಿಗೆ 23 ಸಾವಿರದ ಆಸುಪಾಸು. ಇಬ್ಬರನ್ನು ಇಡೀ ದಿನಕ್ಕೆ ಇಟ್ಟಿದ್ದರೆ 31 ಸಾವಿರ ದಾಟುತ್ತಿತ್ತು. ಎರಡೂವರೆಯಿಂದ ಐದರವರೆಗೆ ನಾನೊಬ್ಬನೇ ಸಾಕು.

ಬಂದವರ ಕೈಗೆ 350 ಗ್ರಾಂ ಬೆಲ್ಲ ತೂಗಿ ಪೇಪರಿನಲ್ಲಿ ಕಟ್ಟಲು ಕೊಡುತ್ತೇನೆ. ಬೆಲ್ಲ ಒಡೆದು ತೂಕಕ್ಕೆ ತರುವುದರಲ್ಲೇ ಅರ್ಧ ಗೊತ್ತಾಗುತ್ತದೆ. ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಊರಿಗೆಲ್ಲ ಗೊತ್ತಾದರೆ ಮತ್ತೆ ಉಪಯೋಗಕ್ಕೆ ಬಾರದು. ಬೋರ್ಡನ್ನು ತುಳುವಿನಲ್ಲೂ ಬರೆಸಿ ನೋಡಿದ್ದೆ. ಎಲ್ಲರೂ ಖುಷಿಯಿಂದ ಓದಿದರು, ಆದರೆ ಜನ ಬಂದದ್ದು ಕನ್ನಡದ್ದನ್ನು ನೋಡಿಯೇ. ಹಾಲಿನ ಡೇರಿ ಹತ್ತಿರ ಅಂಟಿಸಿದ ಪ್ರತಿಯಿಂದ ಒಳ್ಳೆಯ ಫಲ ಸಿಕ್ಕಿತು.

ಹೊತ್ತು ಬೋರ್ಡಿನಲ್ಲಿ ಮಾತ್ರ ಖಾಲಿ. ಒಪ್ಪಿದ ದಿನವೇ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಖಾಲಿ ಬಿಟ್ಟಿದ್ದೇವೆ ಎಂದು ಬೇಕಾದಷ್ಟು ದುಡಿಸುವ ಹಾಗಿಲ್ಲ. 1961ರ ಅಂಗಡಿ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇದೆ, ಅದರ ಮೇಲಿನದ್ದಕ್ಕೆ ದುಪ್ಪಟ್ಟು ಕೊಡಬೇಕು.

ಜನ ಬದಲಾಗುವ ಹೊತ್ತಿಗೆ ಗಲ್ಲಾ ತಪ್ಪುತ್ತದೆ, ಇದೊಂದು ತೊಂದರೆ ನಿಜ. ಮೊದಲ ತಿಂಗಳು ಆಗಾಗ ನೂರು ಇನ್ನೂರು ಹೆಚ್ಚುಕಡಿಮೆ ಬಂತು. ಕೂತು ನೋಡಿದರೆ ಹೆಚ್ಚಿನ ಸಲ ಹಣ ಹೋಗಿರಲಿಲ್ಲ, ಯುಪಿಐಯಲ್ಲಿ ಬಂದದ್ದನ್ನು ನಗದು ಎಂದು ಬಿಲ್ ಮಾಡಿರುತ್ತಿದ್ದರು. ಈಗ ಹೋಗುವವರು ಹತ್ತು ನಿಮಿಷ ಮೊದಲು ಎಣಿಸಿ, 2,000 ಚಿಲ್ಲರೆ ಬಿಟ್ಟು ಉಳಿದದ್ದನ್ನು ನನಗೆ ಕೊಡುತ್ತಾರೆ. ಆ ಹತ್ತು ನಿಮಿಷಕ್ಕೂ ಸಂಬಳ ಇದೆ.

ನೀವು ಬೆಳಗ್ಗೆ ಅಂಗಡಿಗೆ ಬರಲಾಗದೆ ಬೀಗ ತೆಗೆಯಲಿಕ್ಕೇ ಜನ ಬೇಕಾದರೆ ಈ ಕ್ರಮ ಆಗುವುದಿಲ್ಲ, ಆ ಹೊತ್ತನ್ನು ಬರೆಯಲೇಬೇಕು. ಚೌತಿ, ದೀಪಾವಳಿ ರಶ್ಶಿಗೂ ಇದು ಸಾಲದು, ಮೂವರ ಮನೆಯಲ್ಲೂ ಹಬ್ಬ ಇರುತ್ತದೆ ಅಲ್ವಾ? ಆ ವಾರಗಳಿಗೆ ಬೇರೆ ಚೀಟಿ ಹಾಕುತ್ತೇನೆ, ಅದರಲ್ಲಿ ತಾರೀಕು, ಗಂಟೆ ಎರಡೂ ಇರುತ್ತದೆ, ದರ 100 ರೂಪಾಯಿ.