ಮಂಡಕ್ಕಿ ಭಟ್ಟಿಯ ಸ್ಟ್ಯಾಂಡು: ಮೂರು ಸಲ ಮಾಡಿದ್ದು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಅಂಗಡಿ. ಒಂದೇ ಭಟ್ಟಿಗೆ ಒಂದೇ ಸ್ಟ್ಯಾಂಡನ್ನು ಮೂರು ಸಲ ಮಾಡಿಕೊಟ್ಟಿದ್ದೇನೆ. ಮೊದಲೆರಡು ಸಲ ತಪ್ಪು ನನ್ನದೇ.

ಮಂಡಕ್ಕಿ ಹುರಿಯೋ ಮೊದಲು ಅಕ್ಕಿಗೆ ಉಪ್ಪುನೀರು ಕಲಸ್ತಾರೆ. ಆ ತೊಟ್ಟಿ ಇಡೋ ಸ್ಟ್ಯಾಂಡು ಅದು. ಮೊದಲ ಸಲ 5 ಮಿ.ಮೀ. ಆಂಗಲ್‌ನಲ್ಲಿ ಮಾಡಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಎರಡು ಕೋಟ್ ಎನಾಮಲ್ ಬಳಿದೆ. ಎಂಟು ತಿಂಗಳಿಗೆ ಮಾಲೀಕರು ಫೋನ್ ಮಾಡಿದರು. "ಏನಣ್ಣಾ, ಮಳೆ ಬೀಳದ ಜಾಗ ಇದು, ಕಾಲು ತಿಂದುಹೋಗಿದೆಯಲ್ಲ?"

ಹೋಗಿ ನೋಡಿದೆ. ಬಣ್ಣ ಬಹುಪಾಲು ಹಾಗೇ ಇತ್ತು, ಅಲ್ಲಲ್ಲಿ ಬೊಬ್ಬೆ ಎದ್ದಿತ್ತು ಅಷ್ಟೇ. ಸ್ಕ್ರೂಡ್ರೈವರಿನಿಂದ ಬೊಬ್ಬೆ ಒಡೆದರೆ ಒಳಗೆ ಪದರ ಪದರವಾಗಿ ತುಕ್ಕು. ತೊಟ್ಟಿ ಎಳೆದಾಡುವಾಗ ಒಂದು ಕಡೆ ಬಣ್ಣ ಕೆರೆದಿತ್ತು. ಅಲ್ಲಿಂದ ಶುರುವಾಗಿ ಬಣ್ಣದ ಅಡಿಯಲ್ಲೇ ಹರಡಿಕೊಂಡು ಹೋಗಿತ್ತು.

ಕಬ್ಬಿಣ ತುಕ್ಕು ಹಿಡಿಯೋಕೆ ನೀರು, ಗಾಳಿಯ ಆಮ್ಲಜನಕ ಎರಡೂ ಬೇಕು. ಒಂದು ಹನಿ ನೀರು ಕೂತರೆ ಅಲ್ಲೊಂದು ಪುಟ್ಟ ಬ್ಯಾಟರಿ ಆದ ಹಾಗೆ. ಹನಿಯ ನಡುವೆ ಗಾಳಿ ಕಡಿಮೆ, ಅಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಕರಗುತ್ತದೆ. ಅಂಚಿನಲ್ಲಿ ಗಾಳಿ ಜಾಸ್ತಿ, ಅಲ್ಲಿ ಆಮ್ಲಜನಕ ಆ ಎಲೆಕ್ಟ್ರಾನ್ ಹಿಡಿಯುತ್ತದೆ. ಕರಗಿದ ಕಬ್ಬಿಣ ಮತ್ತೆ ಗಾಳಿ ಸಿಕ್ಕಲ್ಲಿ ಕೆಂಪು ತುಕ್ಕಾಗಿ ಕೂರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯೋದರಿಂದ ಬಣ್ಣ ಎದ್ದು ಬೊಬ್ಬೆಯಾಗುತ್ತದೆ. ಅದು ಸಡಿಲ ಪದರ ಬೇರೆ, ಒಳಗಿನ ಕಬ್ಬಿಣವನ್ನು ಕಾಪಾಡೋದಿಲ್ಲ.

ಉಪ್ಪು ಇಲ್ಲಿ ಎರಡು ಕೆಲಸ ಮಾಡುತ್ತದೆ. ನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುವಂತೆ ಮಾಡುತ್ತದೆ, ಹಾಗಾಗಿ ಆ ಪುಟ್ಟ ಬ್ಯಾಟರಿ ಜೋರಾಗಿ ಓಡುತ್ತದೆ. ಜೊತೆಗೆ ಗಾಳಿಯಲ್ಲಿ ತೇವಾಂಶ ಶೇಕಡ 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಒದ್ದೆಯಾಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ಪಸೆಯಾಗುತ್ತಲ್ವಾ, ಹಾಗೆ. ಭಟ್ಟಿಯಲ್ಲಿ ಉಪ್ಪುನೀರು ದಿನಾ ಚೆಲ್ಲುತ್ತಿತ್ತು. ಒಣಗಿದ ಮೇಲೂ ಉಪ್ಪು ಕಾಲಿಗೆ ಅಂಟಿಕೊಂಡೇ ಇತ್ತು. ಮಳೆ ಬೀಳದಿದ್ದರೂ ಕಾಲು ಒಣಗಿರಲಿಲ್ಲ.

ಎರಡನೇ ಸಲ ಜಿಐ ಪೈಪ್ ತಂದು ವೆಲ್ಡ್ ಮಾಡಿದೆ. ಪೈಪಿನ ಮೇಲಿನ ಲೇಪ ಸತು. ಅದು ಬರೀ ಹೊದಿಕೆ ಅಲ್ಲ. ಕಬ್ಬಿಣಕ್ಕಿಂತ ಮೊದಲು ತಾನು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ. ಸಣ್ಣ ಗೀರಾಗಿ ಕಬ್ಬಿಣ ಕಂಡರೂ ಪಕ್ಕದ ಸತು ಅದನ್ನು ಉಳಿಸುತ್ತದೆ. ಬಣ್ಣಕ್ಕೆ ಆ ಗುಣ ಇಲ್ಲ. ಆದರೆ ಸತು ಸುಮಾರು 907 ಡಿಗ್ರಿಗೆ ಆವಿಯಾಗಿ ಹೋಗುತ್ತದೆ, ವೆಲ್ಡಿಂಗ್ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ. ಬಿಳಿ ಹೊಗೆ ಎದ್ದಿತು, ಜಾಯಿಂಟ್ ಸುತ್ತ ಲೇಪವೇ ಹೋಯಿತು. (ಆ ಹೊಗೆ ಕುಡಿದು ರಾತ್ರಿ ಚಳಿಜ್ವರ ಬಂತು. ಹಾಲು ಕುಡಿದರೆ ಸರಿಹೋಗುತ್ತೆ ಅನ್ನೋದು ಸುಮ್ನೆ ಮಾತು. ಹೊಗೆ ಮೂಗಿಗೆ ಬರದಂತೆ ನೋಡಿಕೊಳ್ಳಬೇಕು.) ಸುಟ್ಟ ಜಾಗಕ್ಕೆ ಸಿಲ್ವರ್ ಪೇಂಟ್ ಬಳಿದೆ. ಅದು ಅಲ್ಯೂಮಿನಿಯಂ ಪುಡಿಯ ಬಣ್ಣ, ಸತುವಿನ ಕೆಲಸ ಮಾಡಲ್ಲ. ವರ್ಷ ತುಂಬೋದರೊಳಗೆ ಜಾಯಿಂಟುಗಳೆಲ್ಲ ಕೆಂಪಾದವು. ಸತು ಪುಡಿ ತುಂಬಿದ ಜಿಂಕ್ ಪೇಂಟೇ ಬೇರೆ. ಅದರ ಡಬ್ಬಿ ಎತ್ತಿದರೆ ಸಾಮಾನ್ಯ ಬಣ್ಣಕ್ಕಿಂತ ಎಷ್ಟೋ ಭಾರ, ಗೊತ್ತಾಗುತ್ತದೆ.

ಮೂರನೇ ಸಲ ಪೂರ್ತಿ ಸ್ಟ್ಯಾಂಡನ್ನು ಮಾಮೂಲಿ 5 ಮಿ.ಮೀ. ಆಂಗಲ್‌ನಲ್ಲೇ ವೆಲ್ಡ್ ಮಾಡಿ, ಆಮೇಲೆ ಗ್ಯಾಲ್ವನೈಸಿಂಗಿಗೆ ಕಳಿಸಿದೆ. ಅಲ್ಲಿ ಆ್ಯಸಿಡ್ಡಿನಲ್ಲಿ ತುಕ್ಕು ತೊಳೆದು, ಫ್ಲಕ್ಸ್ ಹಾಕಿ, ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಮುಳುಗಿಸುತ್ತಾರೆ. ಜಾಯಿಂಟಿಗೂ ಲೇಪ ಬರುತ್ತದೆ. ಮೊದಲು ಕಾಲಿಗೆ ಚೌಕ ಪೈಪ್ ಹಾಕೋಣ ಅಂದುಕೊಂಡಿದ್ದೆ. ಅಲ್ಲಿಯವರು, "ಬಾಯಿ ಮುಚ್ಚಿದ ಪೈಪ್ ತರಬೇಡಿ, ತೂತು ಇಡಿ" ಅಂದರು. ಒಳಗೆ ಸಿಕ್ಕ ತೇವ ಹಬೆಯಾಗಿ ಪೈಪೇ ಸಿಡಿಯಬಹುದಂತೆ. ಆ ತಲೆನೋವೇ ಬೇಡ ಅಂತ ಆಂಗಲ್ ಹಾಕಿದೆ.

ಲೇಪದ ದಪ್ಪದಲ್ಲೇ ದೊಡ್ಡ ವ್ಯತ್ಯಾಸ. 120 ಗ್ರಾಮಿನ ಜಿಐ ಶೀಟಿನಲ್ಲಿ ಚದರ ಮೀಟರಿಗೆ ಎರಡೂ ಮುಖ ಸೇರಿ 120 ಗ್ರಾಂ ಸತು, ಅಂದರೆ ಒಂದು ಮುಖಕ್ಕೆ ಸುಮಾರು 8 ಮೈಕ್ರಾನ್. ಮುಳುಗಿಸಿದ 5 ಮಿ.ಮೀ. ಆಂಗಲ್‌ಗೆ ಒಂದು ಮುಖಕ್ಕೇ ಸುಮಾರು 610 ಗ್ರಾಂ ಕೇಳಬೇಕು, ಅದು 85 ಮೈಕ್ರಾನ್ ಹತ್ತಿರ.

ಉಪ್ಪಿದ್ದರೆ ಸತುವೂ ಬೇಗ ಸವೆಯುತ್ತದೆ. ಅದಕ್ಕೇ ಸಂಜೆ ಕಾಲಿಗೆ ಒಂದು ಚೊಂಬು ಸಿಹಿನೀರು ಸುರಿಯಿರಿ ಅಂತ ಮಾಲೀಕರಿಗೆ ಹೇಳಿದೆ, ಪಾದದಡಿ ಪ್ಲಾಸ್ಟಿಕ್ ತುಂಡು ಇಟ್ಟೆ. ಈಗ ಮೂರನೇ ವರ್ಷ. ಪಾದದ ಹತ್ತಿರ ಬಿಳಿ ಪುಡಿ ಕಾಣಿಸುತ್ತಿದೆ, ಅದು ಸವೆಯುತ್ತಿರೋ ಸತು. ಕೆಂಪು ಚುಕ್ಕೆ ಕಂಡ ದಿನ ಅಲ್ಲಿ ಸತು ಮುಗಿದಿದೆ ಅಂತ ಅರ್ಥ. ಇನ್ನೂ ಕಂಡಿಲ್ಲ.